‘ಎತ್ತಲಿಲ್ಲ’ ಅಂದ್ರ ಯಾರು?

“ಸಬ್‌ಟೈಟಲ್ ಮಾಡಾಕತ್ತೀನ್ರಿ. ‘ಅಕ್ಕ ಬಂದ್ಲೇನು?’ ಅಂತ ಕೇಳಿದ್ದಕ್ಕ ಉತ್ತರ: ‘ಬರಲಿಲ್ಲ. ಫೋನ್ ಹಚ್ಚಿದ್ದೆ, ಎತ್ತಲಿಲ್ಲ.’ ಇಂಗ್ಲಿಷ್‌ನ್ಯಾಗ ಕರ್ತೃ ಯಾರನ್ನ ಹಾಕ್ಲಿ?”

ಮೊದಲು ‘ಹಚ್ಚಿದ್ದೆ’ ಹಿಡೀರಿ, ಅದರ ಬಾಲದಾಗ ಕರ್ತೃ ಐತಿ. ನಮ್ಮ ಧಾರವಾಡ ಕಡೆ ‘ನೀ’ಗೆ ‘ಹಚ್ಚಿದ್ದಿ’ ಆಗ್ತದ, ಹಂಗಾಗಿ ಇದು ‘ನಾ’ನೇ. ಬೆಂಗಳೂರು ಕಡೆ ಮಾತಾದ್ರ ಎರಡಕ್ಕೂ ‘ಹಚ್ಚಿದ್ದೆ’ ಬರಬಹುದು, ಅಲ್ಲಿ ಹುಷಾರ್.

ತೊಡಕು ಇರೂದು ‘ಲಿಲ್ಲ’ದಾಗ. ಅದು ನಾನು, ನೀನು, ಅವಳು ಎಲ್ಲಾರಿಗೂ ಒಂದೇ. ಹತ್ತಿರದ ಕರ್ತೃ ‘ನಾ’ ಅಂತ ಅದನ್ನ ಎಳಕೊಂಡ್ರ ‘ಐ ಡಿಡಂಟ್ ಪಿಕ್ ಅಪ್’ ಆಗಿ ಅರ್ಥಾನೇ ತಿರುಗತದ. ಅದಕ್ಕ ಇಲ್ಲ ತೆಗೆದು ಹೌದು ಮಾಡಿ ಓದ್ರಿ: ‘ಫೋನ್ ಹಚ್ಚಿದ್ದೆ, ಎತ್ತಿದ್ಲು.’ ಹಚ್ಚಿದವರು ತಮ್ಮ ಫೋನ್ ತಾವೇ ಎತ್ತಂಗಿಲ್ಲಲ್ಲ! ಎರಡೂ ‘ಲಿಲ್ಲ’ ಅಕ್ಕನ ಪಾಲು.

“ನೋ, ಶಿ ಡಿಡಂಟ್. ಐ ಕಾಲ್ಡ್, ಬಟ್ ಶಿ ಡಿಡಂಟ್ ಪಿಕ್ ಅಪ್.”

ಪ್ರಶ್ನೆ ‘ಬಂದ್ರೇನು?’ ಅಂತಷ್ಟೇ ಇದ್ರ ಗಂಡೋ ಹೆಣ್ಣೋ ಬಹುವಚನವೋ ತಿಳಿಯಂಗಿಲ್ಲ. ಹಿಂದಿನ ದೃಶ್ಯ ನೋಡ್ರಿ. ಅಲ್ಲೂ ಸಿಗದಿದ್ರ ‘ಐ ಕಾಲ್ಡ್. ನೋ ಆನ್ಸರ್’ ಅಂತ ಕರ್ತೃ ಬಿಟ್ಟೇ ಬರೀರಿ.