ಪ್ಲ್ಯು ಅಂದರೆ ಸಾಕು, ಪ್ಲ್ಯುಸ್ ಅಂದರೆ ಇನ್ನಷ್ಟು

ಪ್ರಶ್ನೆ: ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನ ಓದಬಾರದು ಅಂತ ಹೇಳಿಕೊಟ್ಟರು. ಆದರೆ ‘ಏಳು’ ಅನ್ನೋ ಪದದಲ್ಲಿ ಕೊನೆಯ ಟಿ ಕೇಳಿಸುತ್ತೆ, ಅದರ ಹಿಂದಿನ ಪಿ ಕೇಳಿಸಲ್ಲ. ಪಿ-ಎಲ್-ಯು-ಎಸ್ ಮತ್ತು ಟಿ-ಒ-ಯು-ಎಸ್ ಪದಗಳನ್ನಂತೂ ಒಂದೊಂದು ಸಲ ಒಂದೊಂದು ಥರ ಹೇಳ್ತಾರೆ. ಇದಕ್ಕೆ ನಿಯಮ ಇದೆಯಾ? — ಓದುಗರು, ಮೈಸೂರು

ಉತ್ತರ: ಇದೆ. ಅದು ಚೆನ್ನಾಗಿ ಕಾಣುವುದು ‘ಆರು’ ಅನ್ನುವ ಪದದಲ್ಲಿ, ಅಲ್ಲಿಂದಲೇ ಶುರು ಮಾಡೋಣ. ಸುಮ್ನೆ ಎಣಿಸುವಾಗ ಅದು ‘ಸಿಸ್’. ಆರು ತಿಂಗಳು ಎನ್ನುವಾಗ ‘ಸಿ ಮ್ವಾ’. ಆರು ವರ್ಷ ಎನ್ನುವಾಗ ‘ಸಿಝಾಂ’. ಬರೆಯುವುದು ಮೂರು ಕಡೆಯೂ ಒಂದೇ ಥರ.

ಹಿಂದೆ ಫ್ರೆಂಚರು ಕೊನೆಯ ವ್ಯಂಜನಗಳನ್ನು ಉಚ್ಚರಿಸುತ್ತಿದ್ದರು. ಮುಂದಿನ ಪದ ವ್ಯಂಜನದಿಂದ ಶುರುವಾದಲ್ಲಿ ಅವು ಮೊದಲು ಬಿದ್ದುಹೋದವು. ಮುಂದೆ ಸ್ವರ ಬಂದರೆ, ಇಲ್ಲವೇ ಮಾತು ಅಲ್ಲಿಗೇ ನಿಂತರೆ, ಉಳಿದುಕೊಂಡವು. ಆಮೇಲೆ ಮಾತು ನಿಲ್ಲುವ ಜಾಗದಲ್ಲೂ ಹೆಚ್ಚಿನ ಪದಗಳು ಅವನ್ನು ಕಳೆದುಕೊಂಡವು. ಆರು, ಹತ್ತು ಇನ್ನೂ ಹಳೆಯ ಮೂರು ರೂಪಗಳನ್ನೇ ಇಟ್ಟುಕೊಂಡಿವೆ.

ಏಳು ಬೇರೆ ದಾರಿ ಹಿಡಿಯಿತು. ಅದರ ಟಿ ಈಗ ಎಲ್ಲ ಕಡೆಯೂ ಕೇಳಿಸುತ್ತದೆ. ಏಳು ದಿನ ಎಂದರೆ ‘ಸೆತ್ ಝೂರ್’. ಹಳೇ ಫ್ರೆಂಚಿನಲ್ಲಿ ಈ ಪದದಲ್ಲಿ ಪಿ ಇರಲೇ ಇಲ್ಲ. ಲ್ಯಾಟಿನ್ನಿನ ‘ಸೆಪ್ಟೆಮ್’ ನೆನಪಿಗೆ ಬರಲಿ ಎಂದು ಪಂಡಿತರು ಅದನ್ನು ಬರವಣಿಗೆಗೆ ತಂದು ಸೇರಿಸಿದರು. ಜನ ಅದನ್ನು ನಾಲಿಗೆಗೆ ತರಲಿಲ್ಲ. ಏಳನೆಯದು ಎನ್ನುವ ‘ಸೆತ್ಯೆಮ್’ನಲ್ಲೂ ಪಿ ಇಲ್ಲ. ಆದರೆ ಸೆಪ್ಟೆಂಬರ್ ತಿಂಗಳ ಹೆಸರಿನಲ್ಲಿ ಪಿ ಸ್ಪಷ್ಟವಾಗಿ ಕೇಳಿಸುತ್ತದೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ 70ಕ್ಕೆ ಹೇಳುವ ‘ಸೆಪ್ತಾಂತ್’ನಲ್ಲೂ ಅಷ್ಟೇ. ಕನ್ನಡದವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಸ್ಸು, ಕಾರು ಎಂದು ರೂಢಿಯಾದ ನಾಲಿಗೆ ‘ಸೆತ್ತು’ ಎಂದುಬಿಡುತ್ತದೆ. ‘ತ್’ಗೆ ನಿಲ್ಲಿಸಬೇಕು.

ಇನ್ನು ಪಿ-ಎಲ್-ಯು-ಎಸ್. ನಿಜವಾಗಿ ತೊಂದರೆ ಕೊಡುವುದು ಇದೇ, ಯಾಕೆಂದರೆ ಇಲ್ಲಿ ಅರ್ಥವೇ ತಿರುಗುತ್ತದೆ. ‘ಇನ್ನಷ್ಟು’ ಎನ್ನುವುದಕ್ಕೂ ‘ಇನ್ನು ಇಲ್ಲ’ ಎನ್ನುವುದಕ್ಕೂ ಇದೊಂದೇ ಪದ. ಬರವಣಿಗೆಯಲ್ಲಿ ನಿಷೇಧಕ್ಕೆ ಕ್ರಿಯಾಪದಕ್ಕಿಂತ ಮೊದಲು ‘ನ’ ಎಂಬ ಪುಟ್ಟ ಪದ ಬರುತ್ತದೆ, ಹಾಗಾಗಿ ಗೊಂದಲವಿಲ್ಲ. ಮಾತಿನಲ್ಲಿ ಅದನ್ನು ನುಂಗಿಬಿಡುತ್ತಾರೆ.

ಊಟಕ್ಕೆ ಕೂತಿದ್ದೀರಿ, ಚೀಸ್ ತಟ್ಟೆ ನಿಮ್ಮತ್ತ ಬಂತು ಎಂದಿಟ್ಟುಕೊಳ್ಳಿ. ‘ಝಾಂ ವೋ ಪ್ಲ್ಯುಸ್’ ಎಂದರೆ ನನಗೆ ಇನ್ನೂ ಜಾಸ್ತಿ ಬೇಕು. ‘ಝಾಂ ವೋ ಪ್ಲ್ಯು’ ಎಂದರೆ ಇನ್ನು ಬೇಡ. ನಡುವೆ ಇರುವುದು ಒಂದು ‘ಸ್’ ಮಾತ್ರ. ‘ಇಲ್ ತ್ರವಾಯ್ ಪ್ಲ್ಯುಸ್’ ಎಂದರೆ ಅವನು ಹೆಚ್ಚು ದುಡಿಯುತ್ತಾನೆ, ‘ಪ್ಲ್ಯು’ ಎಂದರೆ ಅವನು ಈಗ ಕೆಲಸ ಮಾಡುತ್ತಿಲ್ಲ. ಯಾರ ಬಗ್ಗೆಯಾದರೂ ಹೀಗೆ ತಪ್ಪಿ ಹೇಳಿದರೆ ಚೆನ್ನಾಗಿರಲ್ಲ, ಅಲ್ವಾ? ಮಾತಿನ ನಡುವೆ ಅನುಮಾನ ಬಂದರೆ ಈ ಪದವನ್ನೇ ಬಿಟ್ಟುಬಿಡಿ. ಬೇಕಿದ್ದರೆ ‘ಆಂಕೋರ್ ಅಂ ಪೋ’, ಅಂದರೆ ಇನ್ನೂ ಸ್ವಲ್ಪ, ಎನ್ನಿ. ಬೇಡವಾದರೆ ‘ನೋಂ ಮೆರ್ಸಿ’.

ಅಂದಹಾಗೆ, ‘ಯು’ ಸ್ವರ ಕನ್ನಡದಲ್ಲಿಲ್ಲ. ‘ಉ’ ಹೇಳುವ ಹಾಗೆ ತುಟಿ ಮುಂದೆ ಮಾಡಿ ‘ಈ’ ಹೇಳಿ, ಬರುತ್ತದೆ.

ನಿಷೇಧದಲ್ಲಿ ‘ಸ್’ ಬರುವುದಿಲ್ಲ, ಅದು ಖಚಿತ. ‘ಹೆಚ್ಚು’ ಎಂಬ ಅರ್ಥದಲ್ಲಿ ಮಾತ್ರ ಮುಂದೇನಿದೆ ಎಂದು ನೋಡಬೇಕು. ವಾಕ್ಯದ ಕೊನೆಯಲ್ಲಿ ‘ಪ್ಲ್ಯುಸ್’. ಎರಡು ಕೂಡಿಸು ಎರಡು ಎನ್ನುವಾಗಲೂ ‘ಪ್ಲ್ಯುಸ್’. ಮುಂದೆ ಗುಣವಾಚಕ ಬಂದರೆ ‘ಸ್’ ಬಿಡಬೇಕು: ಹೆಚ್ಚು ದೊಡ್ಡದು, ‘ಪ್ಲ್ಯು ಗ್ರಾಂ’. ಆ ಗುಣವಾಚಕ ಸ್ವರದಿಂದ ಶುರುವಾದರೆ ‘ಝ್’: ಹೆಚ್ಚು ಮುಖ್ಯ, ‘ಪ್ಲ್ಯುಝಂಪೊರ್ತಾಂ’. ‘ಆರು’ ಪದದಲ್ಲಿ ಕಂಡ ಮೂರು ರೂಪಗಳೇ ಇವು.

ಟಿ-ಒ-ಯು-ಎಸ್ ಸುಲಭ. ಅದು ಒಂದು ನಾಮಪದಕ್ಕೆ ಅಂಟಿಕೊಂಡು ಅದಕ್ಕಿಂತ ಮೊದಲು ನಿಂತರೆ ‘ತೂ’: ಪ್ರತಿದಿನ ಎನ್ನುವುದಕ್ಕೆ ‘ತೂ ಲೆ ಝೂರ್’. ಅದೇ ಸ್ವತಂತ್ರವಾಗಿ ‘ಎಲ್ಲರೂ’ ಎಂಬ ಅರ್ಥ ಕೊಟ್ಟರೆ ‘ತೂಸ್’: ಅವರೆಲ್ಲರೂ ಬಂದಿದ್ದಾರೆ, ‘ಇಲ್ ಸೋಂ ತೂಸ್ ವನ್ಯು’. ಇಲ್ಲಿ ಮುಂದಿನ ಪದ ವ್ಯಂಜನದಿಂದ ಶುರುವಾದರೂ ‘ಸ್’ ಬೀಳುವುದಿಲ್ಲ. ಸ್ವರ ಬಂದರೂ ‘ಝ್’ ಆಗುವುದಿಲ್ಲ; ಎಲ್ಲರೂ ಒಟ್ಟಿಗೆ ಎಂದರೆ ‘ತೂಸಾಂಸಾಂಬ್ಲ್’.

ಒಂದು ಕಡೆ ಮಾತ್ರ ಫ್ರೆಂಚರಲ್ಲೇ ಒಮ್ಮತವಿಲ್ಲ. ಹೆಚ್ಚು ಬ್ರೆಡ್, ಹೆಚ್ಚು ಸಮಯ ಎಂದು ಪ್ರಮಾಣ ಹೇಳುವಾಗ ‘ಪ್ಲ್ಯು ದ’ ಎನ್ನುವವರೂ ಇದ್ದಾರೆ, ‘ಪ್ಲ್ಯುಸ್ ದ’ ಎನ್ನುವವರೂ ಇದ್ದಾರೆ. ನೀವು ‘ಸ್’ ಹಾಕಿಯೇ ಹೇಳಿ. ಬ್ರೆಡ್ ಮುಗಿದಿದೆ ಎಂದು ಯಾರೂ ತಿಳಿಯುವುದಿಲ್ಲ.