ಕೊಂಕು ಮಾತು, ಆಮೇಲೆ ಮೌನ

ಪ್ರಶ್ನೆ: ಟೀಮಿನಲ್ಲಿ ಒಬ್ಬರು ಎಲ್ಲರೆದುರು ಕೊಂಕು ಆಡ್ತಾರೆ, ಆಮೇಲೆ ಮಾತೇ ಬಿಡ್ತಾರೆ. ಜಗಳವಿಲ್ಲದೆ ಕೇಳೋದು ಹೇಗೆ?

ಉತ್ತರ: ಮೀಟಿಂಗಿನಲ್ಲೇ ಕೇಳಬೇಡಿ. ಜನರೆದುರು "ತಮಾಷೆಗಂದೆ" ಎಂದು ಜಾರಿಕೊಳ್ಳುವುದು ಸುಲಭ. ಮಾರತ್ತಹಳ್ಳಿಯ ಆಫೀಸಿನಲ್ಲಿ ನನಗೂ ಒಬ್ಬರು "ಬಿಡಿ, ಮೇಡಂಗೆ ಎಲ್ಲಾ ಗೊತ್ತು" ಅಂದಿದ್ದರು. ಆಮೇಲೆ ಎರಡು ದಿನ ಮೌನ. ಮೂರನೇ ದಿನ ಕಾಫಿಗೆ ಕರೆದು ಇಷ್ಟೇ ಹೇಳಿದೆ: "ಸೋಮವಾರ ನೀವು ಹೀಗಂದ್ರಿ. ಆಮೇಲೆ ನನ್ನ ಎರಡು ಮೆಸೇಜಿಗೆ ಉತ್ತರ ಬರಲಿಲ್ಲ, ರಿಲೀಸ್ ನಿಂತಿದೆ. ನನ್ನಿಂದ ಏನಾದ್ರೂ ಬೇಜಾರಾಯ್ತಾ?" "ನೀವು ಯಾವಾಗಲೂ ಹೀಗೇ" ಅನ್ನಲಿಲ್ಲ. ಕೇಳಿ ಸುಮ್ನೆ ಕೂತೆ (ಅದೇ ಜಾಸ್ತಿ ಕಷ್ಟ). ಕೊನೆಗೆ ಹೊರಬಂತು: ಅವರ ಕೋಡನ್ನು ಕೇಳದೆ ಬದಲಿಸಿದ್ದೆ.

"ಏನಿಲ್ಲ" ಅಂದರೆ ಕೆದಕಬೇಡಿ. "ಸರಿ, ನಾಳೆ 11 ಗಂಟೆಯೊಳಗೆ ಉತ್ತರ ಬೇಕು" ಅಂತ ಕೆಲಸದ ಮಾತಿಗೆ ಬನ್ನಿ. ಅದಕ್ಕೂ ಬಗ್ಗದಿದ್ದರೆ ಮ್ಯಾನೇಜರ್‌ಗೆ ದಿನಾಂಕ ಸಮೇತ ನಿಂತ ಕೆಲಸದ ಬಗ್ಗೆ ಹೇಳಿ, ಅವರ ಸ್ವಭಾವದ ಬಗ್ಗೆ ಅಲ್ಲ.