ಬಲ್ಕ್ ಸಂಬಳದ ದುಡ್ಡು ಖಾತೆಯಿಂದ ಕಟ್ ಆದರೂ ಕೆಲವರಿಗೆ ಸೇರಿಲ್ಲ: ಮತ್ತೆ ಕಳಿಸುವ ಮೊದಲು

ಪ್ರಶ್ನೆ: ಕರೆಂಟ್ ಅಕೌಂಟಿನಿಂದ 40 ಜನರಿಗೆ ಒಟ್ಟಿಗೆ ಸಂಬಳ ಹಾಕಿದೆ. ದುಡ್ಡು ಪೂರ್ತಿ ಕಟ್ ಆಗಿದೆ, ಆದರೆ ಮೂವರಿಗೆ ಬಂದಿಲ್ಲ. ಅವರಿಗೆ ಈಗಲೇ ಮತ್ತೆ ಕಳಿಸಲಾ?

ಈಗಲೇ ಬೇಡ. ಮೊದಲು ಆ ಮೂವರ ದುಡ್ಡು ಎಲ್ಲಿದೆ ಅಂತ ಒಬ್ಬೊಬ್ಬರದೂ ನೋಡಿ. ನಾನು ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಸಂಬಳದ ಫೈಲ್ ಕಳಿಸುವುದೂ ನಾನೇ. ಈ ಪರಿಸ್ಥಿತಿ ಆಗಾಗ ಬರುತ್ತದೆ.

ಪೋರ್ಟಲ್‌ನಲ್ಲಿ ಫೈಲ್ 'ಸಕ್ಸಸ್' ಅಂತ ಬಂದರೆ ನಿಮ್ಮ ಬ್ಯಾಂಕ್ ದುಡ್ಡು ಕಳಿಸಿದೆ ಅಂತ ಅರ್ಥ, ನೌಕರನಿಗೆ ಸೇರಿದೆ ಅಂತಲ್ಲ. ನಿಮ್ಮದೇ ಬ್ಯಾಂಕಿನ ಖಾತೆಯಾದರೆ ತಪ್ಪು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಬೇರೆ ಬ್ಯಾಂಕಿನದು ನೆಫ್ಟ್‌ನಲ್ಲಿ ಹೋಗುತ್ತದೆ. ನೆಫ್ಟ್ ಈಗ ದಿನಪೂರ್ತಿ ಅರ್ಧ ಗಂಟೆಗೊಂದು ಬ್ಯಾಚ್‌ನಲ್ಲಿ ನಡೆಯುತ್ತದೆ. ಆ ಕಡೆಯ ಬ್ಯಾಂಕಿಗೆ ಖಾತೆಗೆ ಹಾಕಲು ಆಗದಿದ್ದರೆ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ವಾಪಸ್ ಕಳಿಸಬೇಕು ಅನ್ನುವುದು ನಿಯಮ.

ಆದ್ದರಿಂದ ಫೈಲ್‌ನ ರೆಸ್ಪಾನ್ಸ್ ರಿಪೋರ್ಟ್ ಇಳಿಸಿಕೊಂಡು ಆ ಮೂವರ ಯುಟಿಆರ್, ಅಂದರೆ ಪ್ರತಿ ಪಾವತಿಯ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ಎರಡು ಮೂರು ಗಂಟೆ ಬಿಟ್ಟು ಸ್ಟೇಟ್‌ಮೆಂಟ್ ತೆಗೆಯಿರಿ. ಡೆಬಿಟ್ ಒಂದೇ ಮೊತ್ತದಲ್ಲಿ ಹೋಗಿದ್ದರೂ ವಾಪಸ್ ಬರುವುದು ಬಿಡಿಬಿಡಿಯಾಗಿ.

ಆ ಮೂವರ ಸಂಬಳ 18,500, 22,000 ಮತ್ತು 16,750 ರೂಪಾಯಿ ಅಂತ ಇಟ್ಟುಕೊಳ್ಳೋಣ. ಸ್ಟೇಟ್‌ಮೆಂಟ್‌ನಲ್ಲಿ 18,500 ಮತ್ತು 22,000 ವಾಪಸ್ ಬಂದಿವೆ. ಮೊದಲನೆಯವರು ಹಳೆಯ ಸಿಂಡಿಕೇಟ್ ಬ್ಯಾಂಕಿನ `SYNB` ಐಎಫ್‌ಎಸ್‌ಸಿ ಕೊಟ್ಟಿದ್ದರು. ಆ ಬ್ಯಾಂಕ್ 2020ರಲ್ಲೇ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆ ಕೋಡ್ 2021ರ ಜುಲೈನಿಂದ ನಡೆಯುವುದಿಲ್ಲ. ಎರಡನೆಯವರ ಖಾತೆ ಮುಚ್ಚಿಹೋಗಿತ್ತು. ಇವರಿಬ್ಬರ ದುಡ್ಡು ನಿಮ್ಮ ಕೈಗೆ ಬಂದಿದೆ. ಪಾಸ್‌ಬುಕ್ ಅಥವಾ ಕ್ಯಾನ್ಸಲ್ ಮಾಡಿದ ಚೆಕ್ ನೋಡಿ ವಿವರ ಸರಿಮಾಡಿ, ಈ ಇಬ್ಬರದೇ ಹೊಸ ಫೈಲ್ ಹಾಕಿ. ಹಳೆಯ ಫೈಲನ್ನೇ ತಿದ್ದಿ ಮತ್ತೆ ಏರಿಸಬೇಡಿ, ಮಿಕ್ಕವರಿಗೆ ಎರಡು ಸಂಬಳ ಹೋದೀತು. ಪುಸ್ತಕದಲ್ಲಿ ವಾಪಸ್ ಬಂದದ್ದನ್ನು ಸಂಬಳದ ಖರ್ಚಿನಿಂದ ಕಳೆಯಬೇಡಿ. 'ಕೊಡಬೇಕಾದ ಸಂಬಳ' ಖಾತೆಗೆ ಜಮಾ ಮಾಡಿ. ಈಗ ಅಲ್ಲಿ 40,500 ಕಾಣಬೇಕು.

ನಿಜವಾದ ಚಿಂತೆ ಮೂರನೆಯವರದು. 16,750 ವಾಪಸ್ಸೂ ಬಂದಿಲ್ಲ, ಅವರಿಗೂ ಸೇರಿಲ್ಲ. ಒಂದು ದಿನ ಕಳೆದರೂ ಹೀಗೇ ಇದ್ದರೆ ಅದು ಬೇರೆ ಯಾರದೋ ಖಾತೆಗೆ ಹೋಗಿರಬಹುದು. ನೆಫ್ಟ್‌ನಲ್ಲಿ ದುಡ್ಡು ಬೀಳುವುದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ನಂಬರ್ ಸರಿಯಾಗಿ ಕೊಡುವ ಹೊಣೆ ಕಳಿಸುವವರದ್ದೇ. ನಿಮ್ಮ ಫೈಲ್‌ನಲ್ಲಿರುವ ನಂಬರನ್ನೂ ಪಾಸ್‌ಬುಕ್ಕನ್ನೂ ಅಂಕಿ ಅಂಕಿಯಾಗಿ ಹೋಲಿಸಿ.

ಇದಕ್ಕೆ ಎಷ್ಟೋ ಸಲ ಕಾರಣ ಎಕ್ಸೆಲ್. ಅದು ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ನಂಬರ್ ಹೊಡೆದರೆ ಕೊನೆಯದು ಸೊನ್ನೆಯಾಗುತ್ತದೆ. ಮುಂದಿರುವ ಸೊನ್ನೆಯನ್ನೂ ಅದು ತೆಗೆದುಬಿಡುತ್ತದೆ. ಹಾಗೆ ಕೆಟ್ಟ ನಂಬರಿನ ಖಾತೆ ಇಲ್ಲದಿದ್ದರೆ ದುಡ್ಡು ವಾಪಸ್ ಬರುತ್ತದೆ. ಇದ್ದರೆ ಅಲ್ಲೇ ಕೂರುತ್ತದೆ.

ಹಾಗಾಗಿದ್ದರೆ ಅವತ್ತೇ ನಿಮ್ಮ ಬ್ರಾಂಚ್‌ಗೆ ಯುಟಿಆರ್, ದಿನಾಂಕ, ಮೊತ್ತ, ತಪ್ಪು ನಂಬರ್, ಸರಿಯಾದ ನಂಬರ್ ಎಲ್ಲ ಬರೆದು ಪತ್ರ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅವರು ಆ ಬ್ಯಾಂಕಿಗೆ ಬರೆಯುತ್ತಾರೆ. ಆದರೆ ದುಡ್ಡು ಸೇರಿದ ವ್ಯಕ್ತಿ ಒಪ್ಪದೆ ಬ್ಯಾಂಕ್ ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ, ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ನೌಕರನನ್ನು ಕಾಯಿಸಬೇಡಿ. ನಿಮ್ಮಷ್ಟು ಜನರಿರುವ ಕಡೆ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸೇರಬೇಕು ಅನ್ನುವುದು ಕಾನೂನು. ಅವರು ಕೊಟ್ಟ ನಂಬರ್ ಸರಿಯಿದ್ದು ನಿಮ್ಮ ಫೈಲ್‌ನಲ್ಲಿ ಕೆಟ್ಟಿದ್ದರೆ ಕಂಪನಿಯೇ ಮತ್ತೆ 16,750 ಕೊಡಬೇಕು. ಸರಿಯಾದ ನಂಬರಿಗೆ ಐಎಂಪಿಎಸ್‌ನಲ್ಲಿ ಹಾಕಿದರೆ ತಕ್ಷಣ ಸೇರುತ್ತದೆ. ತಪ್ಪಾಗಿ ಹೋದದ್ದನ್ನು 'ವಸೂಲಾಗಬೇಕಾದದ್ದು' ಅಂತ ಬೇರೆ ಖಾತೆಯಲ್ಲಿ ತೋರಿಸಿ.

ಮುಂದಿನ ತಿಂಗಳಿಗೆ ಖಾತೆ ನಂಬರಿನ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿ, ಆಮೇಲೆ ನಂಬರ್ ತುಂಬಿ. ನಂಬರ್ B ಕಾಲಮ್ಮಿನಲ್ಲಿದ್ದರೆ ಪಕ್ಕದ ಕಾಲಮ್ಮುಗಳಲ್ಲಿ ಈ ಎರಡು ಫಾರ್ಮುಲಾ ಹಾಕಿ:

```
=ISTEXT(B2)
=LEN(B2)
```

ಮೊದಲನೆಯದು `TRUE` ಬರಬೇಕು, ಎರಡನೆಯದು ಪಾಸ್‌ಬುಕ್‌ನಲ್ಲಿರುವಷ್ಟೇ ಅಂಕಿ ತೋರಿಸಬೇಕು. ಸಿಎಸ್‌ವಿ ಮಾಡಿದ ಮೇಲೆ ಅದನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ಟೆಕ್ಸ್ಟ್ ಆಗಿದ್ದದ್ದು ಅಲ್ಲಿ ಮತ್ತೆ ಸಂಖ್ಯೆಯಾಗುತ್ತದೆ. ನೋಡಲೇಬೇಕಿದ್ದರೆ ನೋಟ್‌ಪ್ಯಾಡ್‌ನಲ್ಲಿ ನೋಡಿ. ಹೊಸದಾಗಿ ಸೇರಿದವರಿಗೆ, ಖಾತೆ ಬದಲಿಸಿದವರಿಗೆ ಮೊದಲು ಒಂದು ರೂಪಾಯಿ ಕಳಿಸಿ, ಬಂತು ಅಂತ ಅವರ ಬಾಯಲ್ಲೇ ಕೇಳಿಕೊಂಡು ಆಮೇಲೆ ಫೈಲ್‌ಗೆ ಸೇರಿಸಿ.